ಪಿಂಚಣಿ ಪರಿಷ್ಕರಣೆ: ಏರಿಕೆ ಎಷ್ಟು, ಬಾಕಿ ಎಲ್ಲಿಂದ?

ತಿಂಗಳ ಮೊದಲ ವಾರ ಯಾವ ತಾಲ್ಲೂಕು ಕೇಂದ್ರದ ಬ್ಯಾಂಕಿಗೆ ಹೋದರೂ ಪಾಸ್‌ಬುಕ್ ಮುದ್ರಿಸುವ ಯಂತ್ರದ ಮುಂದೆ ಹಿರಿಯರ ಸಾಲು ಕಾಣುತ್ತದೆ. ನಿವೃತ್ತ ಶಿಕ್ಷಕರು, ಕಂದಾಯ ಇಲಾಖೆಯ ಗುಮಾಸ್ತರು, ಆರೋಗ್ಯ ಇಲಾಖೆಯ ಸಹಾಯಕಿಯರು, ಗಂಡನನ್ನು ಕಳೆದುಕೊಂಡು ಕುಟುಂಬ ಪಿಂಚಣಿಯಲ್ಲಿ ಮನೆ ನಡೆಸುವ ಹೆಂಗಸರು. ವೇತನ ಆಯೋಗದ ಆದೇಶ ಜಾರಿಯಾದ ಮೇಲೆ ಈ ಸಾಲಿನಲ್ಲಿ ಕೇಳಿಬರುವ ಪ್ರಶ್ನೆಗಳು ಎರಡೇ. ‘ಹೊಸ ಪಿಂಚಣಿ ಬಂತಾ ಸಾರ್?’ ಎಂಬುದು ಮೊದಲನೆಯದು. ಬಂದಿದ್ದರೆ, ‘ಅರಿಯರ್ಸ್ ಎಷ್ಟು ಹಾಕಿದಾರೆ?’ ಎಂಬುದು ಎರಡನೆಯದು.

ಮೊತ್ತ ಕಂಡಮೇಲೆ ಹೆಚ್ಚಿನವರ ಮುಖದಲ್ಲಿ ಸಂಶಯ ಮೂಡುತ್ತದೆ. ಪತ್ರಿಕೆಯಲ್ಲಿ ಓದಿದ್ದು ಶೇ 58.5ರ ಏರಿಕೆ. ಪಾಸ್‌ಬುಕ್ಕಿನಲ್ಲಿ ಕಂಡದ್ದು ಎರಡು ಮೂರು ಸಾವಿರದ ಏರಿಕೆ. ವರದಿ ಜಾರಿಯಾದದ್ದು 2022ರ ಜುಲೈನಿಂದ ಎಂದಿದ್ದರು, ಬಾಕಿ ಬಂದದ್ದು ನಾಲ್ಕೈದು ತಿಂಗಳದ್ದು. ಬ್ಯಾಂಕಿನವರು ತಪ್ಪು ಮಾಡಿದರೇ? ಖಜಾನೆಯವರು ತಡೆದರೇ? ಬಹಳಷ್ಟು ಸಲ ಇಬ್ಬರೂ ಅಲ್ಲ, ಲೆಕ್ಕವೇ ಹಾಗಿದೆ. ಆದರೆ ಕೆಲವು ಸಲ ತಪ್ಪು ನಿಜವಾಗಿಯೂ ಆಗಿರುತ್ತದೆ. ಯಾವುದು ನಿಯಮ, ಯಾವುದು ತಪ್ಪು ಎಂದು ಗುರುತಿಸಬೇಕಾದರೆ ಲೆಕ್ಕ ತಿಳಿದಿರಬೇಕು. ಕರ್ನಾಟಕದ 7ನೇ ರಾಜ್ಯ ವೇತನ ಆಯೋಗದ ಪರಿಷ್ಕರಣೆಯನ್ನೇ ಇಟ್ಟುಕೊಂಡು ಅದನ್ನು ಹಂತ ಹಂತವಾಗಿ ನೋಡೋಣ.

ಎರಡು ತಾರೀಖುಗಳು

ನಿವೃತ್ತ ಮುಖ್ಯ ಕಾರ್ಯದರ್ಶಿ ಕೆ. ಸುಧಾಕರ ರಾವ್ ಅಧ್ಯಕ್ಷತೆಯ 7ನೇ ವೇತನ ಆಯೋಗ ರಚನೆಯಾದದ್ದು 2022ರ ನವೆಂಬರಿನಲ್ಲಿ. ವರದಿ ಸರ್ಕಾರದ ಕೈಸೇರಿದ್ದು 2024ರ ಮಾರ್ಚ್‌ನಲ್ಲಿ. ಜಾರಿಯ ನಿರ್ಧಾರವಾದದ್ದು ಅದೇ ವರ್ಷದ ಜುಲೈನಲ್ಲಿ. ಈ ನಡುವೆ, 2023ರ ಏಪ್ರಿಲ್ 1ರಿಂದ, ಮೂಲ ವೇತನ ಹಾಗೂ ಮೂಲ ಪಿಂಚಣಿಯ ಶೇ 17ರಷ್ಟನ್ನು ಮಧ್ಯಂತರ ಪರಿಹಾರವಾಗಿ ಕೊಡಲಾಗಿತ್ತು.

ಜಾರಿಯ ಆದೇಶದಲ್ಲಿ ಎರಡು ತಾರೀಖುಗಳಿವೆ. ಹೊಸ ವೇತನ ಶ್ರೇಣಿ ಜಾರಿಗೆ ಬರುವುದು 2022ರ ಜುಲೈ 1ರಿಂದ. ಅದರ ಆರ್ಥಿಕ ಸೌಲಭ್ಯ, ಅಂದರೆ ಕೈಗೆ ಹಣ ಸೇರುವುದು, 2024ರ ಆಗಸ್ಟ್ 1ರಿಂದ. ನಡುವಿನ 25 ತಿಂಗಳ ಪರಿಷ್ಕರಣೆ ಕಾಗದದ ಮೇಲಷ್ಟೇ ನಡೆಯುತ್ತದೆ. ಕಚೇರಿ ಭಾಷೆಯಲ್ಲಿ ಇದನ್ನು ಕಾಲ್ಪನಿಕ ನಿಗದಿ ಅಥವಾ ‘ನೋಷನಲ್’ ಎನ್ನುತ್ತಾರೆ. ಆ ಅವಧಿಯ ವೇತನ, ಪಿಂಚಣಿ ಹೊಸ ದರದಲ್ಲಿ ಲೆಕ್ಕವಾಗುತ್ತವೆ, ಆದರೆ ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ಪಾವತಿಯಾಗುವುದಿಲ್ಲ.

ಇದು ಈ ಬಾರಿಯ ಹೊಸ ಪದ್ಧತಿಯೇನಲ್ಲ. ಎಂ.ಆರ್. ಶ್ರೀನಿವಾಸಮೂರ್ತಿ ಅಧ್ಯಕ್ಷತೆಯ 6ನೇ ವೇತನ ಆಯೋಗದ ಪರಿಷ್ಕರಣೆಯೂ 2017ರ ಜುಲೈ 1ರಿಂದ ಜಾರಿಗೆ ಬಂದು, ಹಣ ಸಿಕ್ಕಿದ್ದು 2018ರ ಏಪ್ರಿಲ್ 1ರಿಂದ. ಆಗ ನಡುವಿನ ಅವಧಿ ಒಂಬತ್ತು ತಿಂಗಳಿತ್ತು, ಈ ಬಾರಿ ಅದು 25 ತಿಂಗಳಿಗೆ ಹಿಗ್ಗಿತು. ಕೇಂದ್ರದ 7ನೇ ವೇತನ ಆಯೋಗದ ಆದೇಶ ಹೊರಬಂದದ್ದು 2016ರ ನಡುವಿನಲ್ಲಾದರೂ, ಅಲ್ಲಿನ ಪಿಂಚಣಿದಾರರಿಗೆ 2016ರ ಜನವರಿ 1ರಿಂದಲೇ ಬಾಕಿ ನಗದಾಗಿ ಸಿಕ್ಕಿತು. ಅಣ್ಣ ಕೇಂದ್ರ ಸರ್ಕಾರದಲ್ಲಿ, ತಮ್ಮ ರಾಜ್ಯ ಸರ್ಕಾರದಲ್ಲಿ ಇದ್ದ ಮನೆಗಳಲ್ಲಿ ‘ಅವರಿಗೆ ಬಂತು, ನಮಗೇಕಿಲ್ಲ’ ಎಂಬ ಮಾತು ಏಳುವುದು ಈ ಕಾರಣಕ್ಕೆ.

ಹಾಗಾಗಿ ಬಾಕಿಯ ಲೆಕ್ಕಕ್ಕೆ ಕೂರುವ ಮೊದಲು ಆದೇಶದಲ್ಲಿ ಹುಡುಕಬೇಕಾದದ್ದು ಆರ್ಥಿಕ ಸೌಲಭ್ಯದ ತಾರೀಖನ್ನು. ಬಾಕಿ ಅಲ್ಲಿಂದ ಶುರುವಾಗುತ್ತದೆ.

ಶೇ 58.5 ಅಂದರೆ ಏನು?

2022ರ ಜುಲೈ 1ರಂದು ರಾಜ್ಯದ ತುಟ್ಟಿಭತ್ಯೆ ಶೇ 31 ಇತ್ತು. ಪರಿಷ್ಕರಣೆಯಲ್ಲಿ ಮೊದಲು ಆ ಶೇ 31 ಅನ್ನು ಮೂಲ ಪಿಂಚಣಿಯೊಳಗೆ ವಿಲೀನ ಮಾಡಲಾಯಿತು. ಅದರ ಮೇಲೆ ಶೇ 27.5ರಷ್ಟು ಫಿಟ್‌ಮೆಂಟ್ ಸೇರಿತು. ಎರಡೂ ಲೆಕ್ಕವಾಗುವುದು ಹಳೆಯ ಮೂಲ ಪಿಂಚಣಿಯ ಮೇಲೆಯೇ. ಎರಡನ್ನೂ ಕೂಡಿದರೆ ಶೇ 58.5.

ಅಂದರೆ ಹಳೆಯ ಮೂಲ ಪಿಂಚಣಿಯನ್ನು 1.585ರಿಂದ ಗುಣಿಸಿದರೆ ಹೊಸ ಮೂಲ ಪಿಂಚಣಿ ಸಿಗುತ್ತದೆ. ಕನಿಷ್ಠ ಪಿಂಚಣಿಯೂ ಹೀಗೆಯೇ ಹುಟ್ಟಿದೆ. ಹಿಂದಿನ ಕನಿಷ್ಠ 8,500 ರೂಪಾಯಿಯನ್ನು 1.585ರಿಂದ ಗುಣಿಸಿದರೆ 13,472 ರೂಪಾಯಿ 50 ಪೈಸೆ ಬರುತ್ತದೆ. ಈಗಿನ ಕನಿಷ್ಠ ಪಿಂಚಣಿ 13,500 ರೂಪಾಯಿ.

ಗಮನಿಸಬೇಕಾದ ಸಂಗತಿ ಇದು: ಈ ಶೇ 58.5ರಲ್ಲಿ ಶೇ 31 ಆಗಲೇ ತುಟ್ಟಿಭತ್ಯೆಯ ರೂಪದಲ್ಲಿ ತಿಂಗಳು ತಿಂಗಳೂ ಕೈಸೇರುತ್ತಿದ್ದ ಹಣ. ಅದು ಒಂದು ಕಾಲಮ್ಮಿನಿಂದ ಇನ್ನೊಂದು ಕಾಲಮ್ಮಿಗೆ ಬಂತೇ ಹೊರತು ಹೊಸದಾಗಿ ಸೇರಲಿಲ್ಲ. ಹೊಸದು ಶೇ 27.5 ಮಾತ್ರ. ಅದರಲ್ಲೂ ಶೇ 17 ಮಧ್ಯಂತರ ಪರಿಹಾರವಾಗಿ 2023ರ ಏಪ್ರಿಲ್‌ನಿಂದ ಸಿಗುತ್ತಲೇ ಇತ್ತು. ಹೊಸ ಪಿಂಚಣಿ ಶುರುವಾದ ತಿಂಗಳಿಂದ ಮಧ್ಯಂತರ ಪರಿಹಾರ ನಿಲ್ಲುತ್ತದೆ.

ಒಬ್ಬ ಶಿಕ್ಷಕಿಯ ಪಿಂಚಣಿ

ಒಂದು ಉದಾಹರಣೆ ನೋಡೋಣ. 48,000 ರೂಪಾಯಿ ಮೂಲ ವೇತನ ಪಡೆಯುತ್ತಿದ್ದಾಗ, 2022ರ ಜುಲೈಗೆ ಮುಂಚೆ, ಪೂರ್ಣ ಅರ್ಹ ಸೇವೆ ಮುಗಿಸಿ ನಿವೃತ್ತರಾದ ಒಬ್ಬ ಶಿಕ್ಷಕಿ ಇದ್ದಾರೆ ಎಂದುಕೊಳ್ಳಿ. ಅವರ ಮೂಲ ಪಿಂಚಣಿ ಅದರ ಅರ್ಧ, 24,000 ರೂಪಾಯಿ.

2024ರ ಜುಲೈ ತಿಂಗಳ ಪಿಂಚಣಿಯಲ್ಲಿ ಅವರಿಗೆ ಸಲ್ಲುತ್ತಿದ್ದದ್ದು ಇಷ್ಟು: ಮೂಲ 24,000. ಆಗಿನ ತುಟ್ಟಿಭತ್ಯೆ ಶೇ 42.5, ಅಂದರೆ 10,200. ಮಧ್ಯಂತರ ಪರಿಹಾರ ಶೇ 17, ಅಂದರೆ 4,080. ಒಟ್ಟು 38,280 ರೂಪಾಯಿ.

ಇನ್ನು ಹೊಸ ಲೆಕ್ಕ. ಮೂಲ 24,000ಕ್ಕೆ ಶೇ 31ರ ವಿಲೀನ 7,440, ಶೇ 27.5ರ ಫಿಟ್‌ಮೆಂಟ್ 6,600. ಹೊಸ ಮೂಲ ಪಿಂಚಣಿ 38,040 ರೂಪಾಯಿ. ಹೊಸ ಶ್ರೇಣಿಯಲ್ಲಿ ತುಟ್ಟಿಭತ್ಯೆ 2022ರ ಜುಲೈನಲ್ಲಿ ಸೊನ್ನೆಯಿಂದ ಮತ್ತೆ ಶುರುವಾಗುತ್ತದೆ. 2024ರ ಆಗಸ್ಟ್ ಹೊತ್ತಿಗೆ ಅದು ಮೊದಲು ಶೇ 8.5 ಎಂದು ನಿಗದಿಯಾಯಿತು. 38,040ರ ಶೇ 8.5 ಅಂದರೆ 3,233 ರೂಪಾಯಿ. ಒಟ್ಟು 41,273.

ಎರಡರ ವ್ಯತ್ಯಾಸ 2,993 ರೂಪಾಯಿ. ಹಿಂದಿನ ತಿಂಗಳು ಕೈಗೆ ಬರುತ್ತಿದ್ದ ಹಣಕ್ಕೆ ಹೋಲಿಸಿದರೆ ಇದು ಶೇ 8ಕ್ಕೂ ತುಸು ಕಡಿಮೆ ಏರಿಕೆ.

ಈ 2,993 ಹೇಗೆ ಬಂತು ಎಂಬುದನ್ನು ಬಿಡಿಸಿ ನೋಡಿದರೆ ಸಂಶಯ ಉಳಿಯುವುದಿಲ್ಲ. ಫಿಟ್‌ಮೆಂಟಿನಿಂದ 6,600 ಬಂತು, ಮಧ್ಯಂತರ ಪರಿಹಾರದ 4,080 ಹೋಯಿತು. ಉಳಿದದ್ದು 2,520. ಹಳೆಯ ತುಟ್ಟಿಭತ್ಯೆಯಲ್ಲಿ ವಿಲೀನವಾಗದೆ ಉಳಿದಿದ್ದ ಶೇ 11.5ರ ಬಾಬ್ತು 2,760 ಹೋಗಿ, ಹೊಸ ಮೂಲದ ಮೇಲೆ 3,233 ಬಂತು. ಅಲ್ಲಿ ದಕ್ಕಿದ್ದು 473. ಎರಡೂ ಸೇರಿ 2,993.

ಕುಟುಂಬ ಪಿಂಚಣಿಗೂ ಸೂತ್ರ ಇದೇ. ಇದೇ ಶಿಕ್ಷಕಿಯ ಕೊನೆಯ ಮೂಲ ವೇತನದ ಶೇ 30ರ ಪ್ರಕಾರ ಪತಿಗೆ 14,400 ರೂಪಾಯಿ ಮೂಲ ಕುಟುಂಬ ಪಿಂಚಣಿ ಸಲ್ಲುತ್ತಿದ್ದರೆ, ಅದು 22,824 ರೂಪಾಯಿಯಾಗುತ್ತದೆ. ಮೇಲೆ ತುಟ್ಟಿಭತ್ಯೆ.

ಕಮ್ಯುಟೇಶನ್ ಕಡಿತ ಬದಲಾಗುವುದಿಲ್ಲ

ನಿವೃತ್ತಿಯ ಹೊತ್ತಿನಲ್ಲಿ ಹೆಚ್ಚಿನವರು ಪಿಂಚಣಿಯ ಒಂದು ಭಾಗವನ್ನು ಇಡಿಗಂಟಾಗಿ ಪಡೆದಿರುತ್ತಾರೆ. ರಾಜ್ಯದಲ್ಲಿ ಮೂರನೇ ಒಂದು ಭಾಗದವರೆಗೆ ಹೀಗೆ ಪರಿವರ್ತಿಸಿಕೊಳ್ಳಬಹುದು. ಅದಕ್ಕೆ ಪ್ರತಿಯಾಗಿ ಆ ಭಾಗ 15 ವರ್ಷ ತಿಂಗಳ ಪಿಂಚಣಿಯಲ್ಲಿ ಕಡಿತವಾಗುತ್ತದೆ. ನಮ್ಮ ಶಿಕ್ಷಕಿ ಮೂರನೇ ಒಂದು ಭಾಗವನ್ನು ಪರಿವರ್ತಿಸಿಕೊಂಡಿದ್ದರೆ ತಿಂಗಳ ಕಡಿತ 8,000 ರೂಪಾಯಿ.

ಪರಿಷ್ಕರಣೆಯ ನಂತರವೂ ಈ ಕಡಿತ 8,000 ಆಗಿಯೇ ಇರಬೇಕು. ಅವರು ಇಡಿಗಂಟು ಪಡೆದದ್ದು ಹಳೆಯ ಪಿಂಚಣಿಯ ಲೆಕ್ಕದಲ್ಲಿ. ಆದ್ದರಿಂದ ಕಡಿತವೂ ಹಳೆಯ ರೂಪಾಯಿ ಲೆಕ್ಕದಲ್ಲಿಯೇ. ಪಿಂಚಣಿ 1.585 ಪಟ್ಟಾಯಿತೆಂದು ಕಡಿತವನ್ನೂ 12,680ಕ್ಕೆ ಏರಿಸಿದರೆ ಅದು ತಪ್ಪು.

ಇನ್ನೊಂದು ನಿಯಮವೂ ಇಲ್ಲೇ ಬರುತ್ತದೆ. ತುಟ್ಟಿಭತ್ಯೆ ಲೆಕ್ಕವಾಗಬೇಕಾದದ್ದು ಕಡಿತಕ್ಕೆ ಮೊದಲಿನ ಪೂರ್ಣ ಮೂಲ ಪಿಂಚಣಿಯ ಮೇಲೆ. ಶಿಕ್ಷಕಿಯ ವಿಷಯದಲ್ಲಿ 38,040ರ ಮೇಲೆ. ಕಡಿತ ಕಳೆದು ಉಳಿದ 30,040ರ ಮೇಲೆ ಲೆಕ್ಕ ಹಾಕಿದ್ದರೆ ಪ್ರತಿ ತಿಂಗಳೂ ನಷ್ಟ. ಶೇ 8.5ರ ದರದಲ್ಲಿಯೇ ಅದು ತಿಂಗಳಿಗೆ 680 ರೂಪಾಯಿ. ತುಟ್ಟಿಭತ್ಯೆ ಏರಿದಷ್ಟೂ ನಷ್ಟವೂ ಏರುತ್ತದೆ.

ಬಾಕಿಯ ಪಟ್ಟಿ ಹೇಗೆ ತಯಾರಾಗುತ್ತದೆ?

ಬಾಕಿ ಅಂದರೆ ಸಲ್ಲಬೇಕಾದದ್ದಕ್ಕೂ ಸಂದದ್ದಕ್ಕೂ ಇರುವ ವ್ಯತ್ಯಾಸ. ಕಚೇರಿಗಳಲ್ಲಿ ಇದಕ್ಕೆ ‘ಡ್ಯೂ–ಡ್ರಾನ್ ಸ್ಟೇಟ್‌ಮೆಂಟ್’ ಎನ್ನುತ್ತಾರೆ. ಪ್ರತಿ ತಿಂಗಳಿಗೂ ಒಂದು ಸಾಲು. ಎಡಗಡೆ ಸಲ್ಲಬೇಕಾದ ಮೂಲ ಮತ್ತು ತುಟ್ಟಿಭತ್ಯೆ. ನಡುವೆ ನಿಜವಾಗಿ ಪಡೆದ ಮೂಲ, ತುಟ್ಟಿಭತ್ಯೆ, ಮಧ್ಯಂತರ ಪರಿಹಾರ. ಬಲಗಡೆ ವ್ಯತ್ಯಾಸ.

ಆದೇಶ ಬಂದ ತಕ್ಷಣ ಎಲ್ಲರ ಪಿಂಚಣಿಯೂ ಬದಲಾಗುವುದಿಲ್ಲ. 2024ರ ಆಗಸ್ಟ್‌ನಿಂದ ಹೊಸ ಪಿಂಚಣಿ ಸಲ್ಲಬೇಕು, ಆದರೆ ಶಿಕ್ಷಕಿಗೆ ಅದು ಖಾತೆಯಲ್ಲಿ ಬದಲಾದದ್ದು 2025ರ ಜನವರಿ ತಿಂಗಳ ಪಿಂಚಣಿಯಿಂದ ಎಂದುಕೊಳ್ಳೋಣ. ಡಿಸೆಂಬರ್‌ವರೆಗೆ ಅವರಿಗೆ ಹಳೆಯ 38,280 ಬರುತ್ತಲೇ ಇತ್ತು. ಇಷ್ಟರಲ್ಲಿ ನವೆಂಬರ್ ಕೊನೆಯಲ್ಲಿ ತುಟ್ಟಿಭತ್ಯೆಯನ್ನು ಶೇ 8.5ರಿಂದ 10.75ಕ್ಕೆ ಏರಿಸಿದ ಆದೇಶವೂ ಬಂತು. ಅದು ಆಗಸ್ಟ್ 1ರಿಂದಲೇ ಅನ್ವಯ. ಹಾಗಾಗಿ ಬಾಕಿಯ ಲೆಕ್ಕದಲ್ಲಿ ಆಗಸ್ಟ್‌ನಿಂದಲೂ ಶೇ 10.75 ಹಿಡಿಯಬೇಕು.

38,040ರ ಶೇ 10.75 ಅಂದರೆ 4,089 ರೂಪಾಯಿ. ತಿಂಗಳಿಗೆ ಸಲ್ಲಬೇಕಾದದ್ದು 42,129. ಸಂದದ್ದು 38,280. ವ್ಯತ್ಯಾಸ 3,849. ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಐದು ತಿಂಗಳು. ಬಾಕಿ 19,245 ರೂಪಾಯಿ. ಕಮ್ಯುಟೇಶನ್ ಕಡಿತ ಎರಡೂ ಕಡೆ 8,000 ಆಗಿಯೇ ಇರುವುದರಿಂದ ಬಾಕಿಯ ಮೊತ್ತವನ್ನು ಅದು ಬದಲಿಸುವುದಿಲ್ಲ.

ಇಲ್ಲಿಗೆ ಪರಿಷ್ಕರಣೆಯ ಬಾಕಿ ಮುಗಿಯಿತು. ಆಮೇಲೆ ಬರುವುದು ತುಟ್ಟಿಭತ್ಯೆಯ ಬಾಕಿ. 2025ರ ಜನವರಿ 1ರಿಂದ ತುಟ್ಟಿಭತ್ಯೆ ಶೇ 12.25 ಆಯಿತು. ಶಿಕ್ಷಕಿಗೆ ಅದು 4,660 ರೂಪಾಯಿ, ಹಿಂದಿನದಕ್ಕಿಂತ 571 ಹೆಚ್ಚು. ಆದೇಶ ತಡವಾಗಿ ಬಂದು, ಹೊಸ ದರ ಏಪ್ರಿಲ್ ತಿಂಗಳ ಪಿಂಚಣಿಯಲ್ಲಿ ಸೇರಿದರೆ, ಜನವರಿಯಿಂದ ಮಾರ್ಚ್‌ವರೆಗಿನ ಮೂರು ತಿಂಗಳ ಬಾಕಿ 1,713 ರೂಪಾಯಿ. ಈ ಎರಡು ಬಗೆಯ ಬಾಕಿಗಳು ಪಾಸ್‌ಬುಕ್ಕಿನಲ್ಲಿ ಬೇರೆ ಬೇರೆ ದಿನ, ವಿವರಣೆಯಿಲ್ಲದ ಸಾಲುಗಳಾಗಿ ಬೀಳುತ್ತವೆ. ಗೊಂದಲ ಹುಟ್ಟುವುದು ಬಹುಪಾಲು ಇಲ್ಲಿಯೇ.

ಕಾಲ್ಪನಿಕ ಅವಧಿಯಲ್ಲಿ ಸಿಗದೇ ಹೋದದ್ದೆಷ್ಟು ಎಂಬುದನ್ನೂ ಇದೇ ಉದಾಹರಣೆಯಲ್ಲಿ ಕಾಣಬಹುದು. 2022ರ ಜುಲೈನಿಂದ ಡಿಸೆಂಬರ್‌ವರೆಗೆ ಶಿಕ್ಷಕಿ ಪಡೆದದ್ದು ಮೂಲ ಮತ್ತು ಶೇ 31 ತುಟ್ಟಿಭತ್ಯೆ ಸೇರಿ 31,440. ಹೊಸ ಲೆಕ್ಕದಲ್ಲಿ ಆಗಬೇಕಾದದ್ದು 38,040. ಆ ಆರು ತಿಂಗಳ ವ್ಯತ್ಯಾಸವೇ 39,600 ರೂಪಾಯಿ. ಅವರ ಐದು ತಿಂಗಳ ಬಾಕಿಯ ಎರಡು ಪಟ್ಟಿಗೂ ಹೆಚ್ಚಿನ ಈ ಹಣ ಯಾವ ಪಟ್ಟಿಗೂ ಬರುವುದಿಲ್ಲ.

ಪಿಂಚಣಿದಾರರು ಈ ನಡುವೆ ತೀರಿಕೊಂಡರೆ ಬಾಕಿ ಅಳಿದುಹೋಗುವುದಿಲ್ಲ. ಸಾವಿನ ದಿನದವರೆಗಿನ ಪಿಂಚಣಿ ಬಾಕಿ ನಾಮನಿರ್ದೇಶಿತರಿಗೆ ಅಥವಾ ವಾರಸುದಾರರಿಗೆ ಸಲ್ಲುತ್ತದೆ. ಮರುದಿನದಿಂದ ಪರಿಷ್ಕೃತ ಕುಟುಂಬ ಪಿಂಚಣಿ ಶುರುವಾಗುತ್ತದೆ. ಇವೆರಡೂ ಪ್ರತ್ಯೇಕ ಲೆಕ್ಕಗಳು. ಕುಟುಂಬ ಪಿಂಚಣಿ ಬರತೊಡಗಿತೆಂದು ಮೊದಲಿನ ಬಾಕಿಯನ್ನು ಕೇಳದೆ ಬಿಡಬಾರದು.

25 ತಿಂಗಳಲ್ಲಿ ನಿವೃತ್ತರಾದವರು

2022ರ ಜುಲೈ 1ರಿಂದ 2024ರ ಜುಲೈ 31ರ ನಡುವೆ ನಿವೃತ್ತರಾದವರ ಲೆಕ್ಕ ಬೇರೆ. ಅವರು ನಿವೃತ್ತರಾಗುವಾಗ ಹೊಸ ಶ್ರೇಣಿ ಕಾಗದದ ಮೇಲೆ ಜಾರಿಯಲ್ಲಿತ್ತು. ಹಾಗಾಗಿ ಮೊದಲು ಅವರ ವೇತನವನ್ನು ಹೊಸ ಶ್ರೇಣಿಯಲ್ಲಿ ನಿಗದಿಪಡಿಸಿ, ಆಮೇಲೆ ಅದರ ಆಧಾರದಲ್ಲಿ ಪಿಂಚಣಿ ಕಟ್ಟಬೇಕು.

2022ರ ಜುಲೈ 1ರಂದು 50,000 ರೂಪಾಯಿ ಮೂಲ ವೇತನ ಇದ್ದು, ಅದೇ ತಿಂಗಳ ಕೊನೆಯಲ್ಲಿ ನಿವೃತ್ತರಾದ ನೌಕರರೊಬ್ಬರನ್ನು ಗಮನಿಸಿ. 50,000ವನ್ನು 1.585ರಿಂದ ಗುಣಿಸಿದರೆ 79,250. ಆ ಮೊತ್ತ ಹೊಸ ಶ್ರೇಣಿಯ ಒಂದು ಹಂತಕ್ಕೆ ಸರಿಹೊಂದದಿದ್ದರೆ ಮುಂದಿನ ಹಂತಕ್ಕೆ ವೇತನ ನಿಗದಿಯಾಗುತ್ತದೆ. ಪಿಂಚಣಿ ಅದರ ಅರ್ಧ, ಅಂದರೆ 39,625ಕ್ಕೆ ಕಡಿಮೆಯಿಲ್ಲ. 2023 ಅಥವಾ 2024ರಲ್ಲಿ ನಿವೃತ್ತರಾದವರಿಗೆ ನಡುವೆ ಬಂದ ವಾರ್ಷಿಕ ವೇತನ ಬಡ್ತಿಗಳೂ ಹೊಸ ಶ್ರೇಣಿಯ ದರದಲ್ಲಿ ಸೇರುತ್ತವೆ.

ಹೀಗಾಗಿ ಇವರ ಪಿಂಚಣಿಯನ್ನು ಸುಮ್ಮನೆ 1.585ರಿಂದ ಗುಣಿಸಿ ಬಿಟ್ಟರೆ ಕೆಲವು ನೂರು ರೂಪಾಯಿ ಜೀವನಪರ್ಯಂತ ಕಡಿಮೆಯಾಗಬಹುದು. ಕೆಲಸ ಮಾಡಿದ ಕಚೇರಿ ಸೇವಾ ವಹಿಯಲ್ಲಿ ಹೊಸ ವೇತನ ನಿಗದಿಯನ್ನು ನಮೂದಿಸಬೇಕು, ಪರಿಷ್ಕೃತ ಪಿಂಚಣಿ ಪ್ರಸ್ತಾವವನ್ನು ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಕಳಿಸಬೇಕು. ಅಲ್ಲಿಂದ ಹೊಸ ಅಧಿಕಾರಪತ್ರ ಖಜಾನೆಗೆ ಬಂದ ಮೇಲೆ ಹಣ ಬಿಡುಗಡೆ. ಸೇವಾ ವಹಿಯಲ್ಲಿ ಒಂದು ಬಡ್ತಿಯ ನಮೂದು ಬಿಟ್ಟುಹೋಗಿದ್ದರೂ ಕಡತ ವಾಪಸ್ ಬರುತ್ತದೆ. ಬಾಕಿ ಬೆಳೆಯುತ್ತಾ ಹೋಗುತ್ತದೆ, ಆದರೆ ತಡವಾದದ್ದಕ್ಕೆ ಬಡ್ಡಿ ತಾನಾಗಿ ಸೇರುವುದಿಲ್ಲ.

ಇವರ ದೊಡ್ಡ ನೋವು ಬೇರೆಯೇ ಇದೆ. ತಿಂಗಳ ಪಿಂಚಣಿ 2024ರ ಆಗಸ್ಟ್‌ನಿಂದ ಹೊಸ ವೇತನದ ಮೇಲೆ ಬಂತು. ಆದರೆ ಉಪದಾನ, ಕಮ್ಯುಟೇಶನ್, ಗಳಿಕೆ ರಜೆ ನಗದೀಕರಣ ಹಳೆಯ ವೇತನದ ಮೇಲೆಯೇ ನಿಂತವು. ಈ ಮೂರೂ ಕೊನೆಯ ವೇತನದ ಅಥವಾ ಅದರಿಂದ ಹುಟ್ಟಿದ ಪಿಂಚಣಿಯ ಗುಣಕಗಳು, ಜೀವನದಲ್ಲಿ ಒಮ್ಮೆ ಮಾತ್ರ ಸಿಗುವಂಥವು. 2024ರ ಜುಲೈ 31ರಂದು ನಿವೃತ್ತರಾದವರಿಗೂ ಆಗಸ್ಟ್ 31ರಂದು ನಿವೃತ್ತರಾದವರಿಗೂ ಸೇವೆ, ಹುದ್ದೆ, ವೇತನ ಒಂದೇ ಇದ್ದರೂ ಇಡಿಗಂಟಿನಲ್ಲಿ ಲಕ್ಷಗಳ ಅಂತರ ಬೀಳುತ್ತದೆ. ಈ ಅಂತರ ಕೊಡಿ ಎಂದು ನಿವೃತ್ತರು ಮನವಿ ಸಲ್ಲಿಸಿದರು, ಧರಣಿಯನ್ನೂ ನಡೆಸಿದರು.

ಪಿಂಚಣಿಗೆ ಸಲ್ಲುವ ಹೊಸ ವೇತನ ಉಪದಾನಕ್ಕೆ ಸಲ್ಲುವುದಿಲ್ಲ ಎಂಬ ನಿಲುವನ್ನು ಸಮರ್ಥಿಸುವುದು ಕಷ್ಟ. ನಿವೃತ್ತಿಯ ದಿನ ಆ ನೌಕರರ ವೇತನ ಹೊಸದು ಎಂದು ಸರ್ಕಾರವೇ ದಾಖಲೆಯಲ್ಲಿ ಒಪ್ಪಿಕೊಂಡಿದೆ. ಖಜಾನೆಯ ಹೊರೆ ನಿಜವಾದರೆ ಅದನ್ನು ಕಂತುಗಳಲ್ಲಿ ತೀರಿಸಬಹುದು. ನಿವೃತ್ತಿಯ ತಾರೀಖನ್ನು ಯಾರೂ ತಾವಾಗಿ ಆಯ್ದುಕೊಂಡಿರಲಿಲ್ಲ, ಅದನ್ನು ನಿರ್ಧರಿಸಿದ್ದು ಹುಟ್ಟಿದ ದಿನ.

ತಪ್ಪಾಗಿದೆಯೆಂದು ತಿಳಿಯುವುದು ಹೇಗೆ?

ನಷ್ಟದ ತಪ್ಪುಗಳನ್ನು ಮೇಲೆ ನೋಡಿದೆವು: ಕಡಿತವನ್ನು ಏರಿಸಿರುವುದು, ಕಡಿತ ಕಳೆದ ಮೊತ್ತದ ಮೇಲೆ ತುಟ್ಟಿಭತ್ಯೆ ಹಾಕಿರುವುದು, ಕಾಲ್ಪನಿಕ ವೇತನ ನಿಗದಿಯಿಲ್ಲದೆ ಗುಣಿಸಿ ಬಿಟ್ಟಿರುವುದು. ಇವುಗಳ ಜೊತೆ 15 ವರ್ಷ ಕಳೆದರೂ ಕಮ್ಯುಟೇಶನ್ ಕಡಿತ ನಿಲ್ಲದಿರುವುದನ್ನೂ ಸೇರಿಸಿಕೊಳ್ಳಿ. ಪರಿಷ್ಕರಣೆಯ ಹೊತ್ತಿನಲ್ಲಿ ಲೆಕ್ಕವೆಲ್ಲ ತಿರುವಿಹಾಕುವುದರಿಂದ, ಕಡಿತ ಶುರುವಾದ ತಿಂಗಳು ಯಾವುದೆಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಹೆಚ್ಚು ಬಂದರೂ ಸುಮ್ಮನಿರುವಂತಿಲ್ಲ. ಹೊಸ ಮೂಲ ಪಿಂಚಣಿಯ ಜೊತೆ ಹಳೆಯ ಶೇ 42.5 ತುಟ್ಟಿಭತ್ಯೆ ಮುಂದುವರಿದಿದ್ದರೆ, ಅಥವಾ ಆಗಸ್ಟ್ 2024ರ ನಂತರವೂ ಮಧ್ಯಂತರ ಪರಿಹಾರದ ಸಾಲು ಕಾಣುತ್ತಿದ್ದರೆ ಅದು ಹೆಚ್ಚುವರಿ ಪಾವತಿ. ಇಂದಲ್ಲ ನಾಳೆ ಲೆಕ್ಕ ಪರಿಶೋಧನೆಯಲ್ಲಿ ಅದು ಹೊರಬರುತ್ತದೆ.

ಹೆಚ್ಚುವರಿ ಪಾವತಿಯ ವಸೂಲಿ ಬಗ್ಗೆ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಒಟ್ಟಿಗೆ ಓದಬೇಕು. ಪಂಜಾಬ್ ಸರ್ಕಾರ ಮತ್ತು ರಫೀಕ್ ಮಸೀಹ್ ನಡುವಿನ 2014ರ ಪ್ರಕರಣದಲ್ಲಿ, ನಿವೃತ್ತರಿಂದ ಮತ್ತು ಒಂದು ವರ್ಷದೊಳಗೆ ನಿವೃತ್ತರಾಗಲಿರುವವರಿಂದ ಹೀಗೆ ವಸೂಲಿ ಮಾಡುವುದು ಸಲ್ಲದು ಎಂದು ಕೋರ್ಟ್ ಹೇಳಿತು. ಆದರೆ 2016ರ ಜಗದೇವ್ ಸಿಂಗ್ ಪ್ರಕರಣದಲ್ಲಿ, ಹೆಚ್ಚು ಪಾವತಿಯಾದರೆ ಮರಳಿಸುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಟ್ಟಿದ್ದವರಿಂದ ವಸೂಲಿ ಮಾಡಬಹುದು ಎಂದಿತು. ಪಿಂಚಣಿ ಖಾತೆ ತೆರೆಯುವಾಗ ಅಂಥ ಮುಚ್ಚಳಿಕೆಗೆ ಸಹಿ ಹಾಕಿರುವವರೇ ಹೆಚ್ಚು. ಹೆಚ್ಚು ಬಂದದ್ದು ಕಂಡರೆ ಆ ಹಣವನ್ನು ಮುಟ್ಟದೆ, ಬರಹದಲ್ಲಿ ತಿಳಿಸಿ ಸ್ವೀಕೃತಿ ಪಡೆಯುವುದೇ ಸುರಕ್ಷಿತ.

ಬಾಕಿಗೆ ತೆರಿಗೆ

ಬಾಕಿಗೆ ತೆರಿಗೆ ಬೀಳುವುದು ಅದು ಕೈಸೇರಿದ ವರ್ಷದಲ್ಲಿ. ನಮ್ಮ ಶಿಕ್ಷಕಿಗೆ ಆಗಸ್ಟ್‌ನಿಂದ ಡಿಸೆಂಬರ್‌ವರೆಗಿನ ಬಾಕಿ 2025ರ ಮಾರ್ಚ್ 31ರೊಳಗೆ ಬಂದಿದ್ದರೆ, ಎಲ್ಲವೂ ಒಂದೇ ಹಣಕಾಸು ವರ್ಷದ್ದು. ವಿಶೇಷ ಪರಿಹಾರದ ಅಗತ್ಯವೇ ಇಲ್ಲ.

ಅದೇ ಬಾಕಿ ಏಪ್ರಿಲ್ ನಂತರ ಬಂದಿದ್ದರೆ, ಹಿಂದಿನ ವರ್ಷದ ಹಣ ಈ ವರ್ಷದ ಆದಾಯಕ್ಕೆ ಸೇರಿ ತೆರಿಗೆ ಹೆಚ್ಚಾಗಬಹುದು. ಅದನ್ನು ತಪ್ಪಿಸಲು 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 89ರಲ್ಲಿ ಪರಿಹಾರವಿದೆ. ಬಾಕಿಯನ್ನು ಅದು ಸಲ್ಲಬೇಕಾಗಿದ್ದ ವರ್ಷಕ್ಕೆ ಹಂಚಿ ನೋಡಿ, ತೆರಿಗೆ ಹೆಚ್ಚಾದಷ್ಟನ್ನು ಬಿಟ್ಟುಕೊಡುತ್ತಾರೆ. ಇದಕ್ಕೆ 10ಇ ನಮೂನೆಯನ್ನು ಆದಾಯ ತೆರಿಗೆ ಪೋರ್ಟಲ್‌ನಲ್ಲಿ, ರಿಟರ್ನ್ ಸಲ್ಲಿಸುವ ಮುನ್ನವೇ ಭರ್ತಿ ಮಾಡಬೇಕು. ನಮೂನೆ ಹಾಕದೆ ರಿಟರ್ನ್‌ನಲ್ಲಿ ಪರಿಹಾರ ಕೇಳಿದರೆ ಅದು ತಿರಸ್ಕೃತವಾಗುತ್ತದೆ. ಯಾವ ತಿಂಗಳಿಗೆ ಎಷ್ಟು ಬಾಕಿ ಎಂಬ ಪಟ್ಟಿ ಇಲ್ಲೂ ಬೇಕಾಗುತ್ತದೆ.

ಪಟ್ಟಿ ಕೇಳಿ ಪಡೆಯಿರಿ

ಕೇಂದ್ರದ 8ನೇ ವೇತನ ಆಯೋಗ ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ ಅಧ್ಯಕ್ಷತೆಯಲ್ಲಿ 2025ರ ನವೆಂಬರಿನಲ್ಲಿ ರಚನೆಯಾಗಿದೆ. ಅದರ ವರದಿ ಬಂದಾಗ ಕೇಂದ್ರದ ಪಿಂಚಣಿದಾರರೂ ಇದೇ ಪ್ರಶ್ನೆಗಳನ್ನು ಕೇಳಲಿದ್ದಾರೆ. ಗುಣಕ ಬೇರೆಯಾಗಬಹುದು, ತಾರೀಖು ಬೇರೆಯಾಗಬಹುದು. ಆದರೆ ಲೆಕ್ಕಕ್ಕೆ ಬೇಕಾದ ಅಂಶಗಳು ಅವೇ ನಾಲ್ಕು: ಹಳೆಯ ಮೂಲ ಪಿಂಚಣಿ, ಗುಣಕ, ಹಣ ಸಿಗುವ ತಾರೀಖು, ಆ ದಿನಕ್ಕೆ ಅನ್ವಯಿಸುವ ತುಟ್ಟಿಭತ್ಯೆ.

ಪಿಂಚಣಿ ಕೊಡುವವರ ಬಳಿ ಪ್ರತಿಯೊಬ್ಬರ ತಿಂಗಳವಾರು ಪಟ್ಟಿ ಗಣಕಯಂತ್ರದಲ್ಲಿ ಇದ್ದೇ ಇರುತ್ತದೆ. ಅದನ್ನು ಕನ್ನಡದಲ್ಲಿ, ಒಂದು ಹಾಳೆಯಲ್ಲಿ, ಬಾಕಿ ಜಮೆಯಾದ ದಿನವೇ ಪಿಂಚಣಿದಾರರಿಗೆ ಕೊಡುವುದನ್ನು ಸರ್ಕಾರ ಕಡ್ಡಾಯ ಮಾಡಬೇಕು. ಅದಾಗುವವರೆಗೆ ನೀವೇ ಕೇಳಿ ಪಡೆಯಿರಿ. ಪಿಪಿಒ ಸಂಖ್ಯೆ, ಹಳೆಯ ಮೂಲ ಪಿಂಚಣಿ, ಯಾವ ತಿಂಗಳಿಂದ ಯಾವ ತಿಂಗಳವರೆಗಿನ ವಿವರ ಬೇಕು ಎಂಬುದನ್ನು ಬರೆದು ಬ್ಯಾಂಕಿಗೂ ಜಿಲ್ಲಾ ಖಜಾನೆಗೂ ಅರ್ಜಿ ಕೊಡಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಪಟ್ಟಿ ಕೈಗೆ ಬಂದಮೇಲೆ ನಿಮ್ಮ ಹಳೆಯ ಮೂಲ ಪಿಂಚಣಿಯನ್ನು 1.585ರಿಂದ ಗುಣಿಸಿ ನೋಡಿ. 2022ರ ಜುಲೈಗೆ ಮುಂಚೆ ನಿವೃತ್ತರಾದವರಿಗೆ ಅದಕ್ಕಿಂತ ಕಡಿಮೆ ಮೂಲ ಪಿಂಚಣಿ ನಮೂದಾಗಿದ್ದರೆ, ಆ ಒಂದೇ ಸಾಲನ್ನು ತೋರಿಸಿ ತಿದ್ದುಪಡಿ ಕೇಳಲು ನಿಮಗೆ ಪೂರ್ಣ ಹಕ್ಕಿದೆ.